ಲಿಂಕ್ಡ್‌ಇನ್ ಪ್ರೀಮಿಯಂಗೆ ಯಾವಾಗ ದುಡ್ಡು ಕೊಡಬೇಕು: ಕೆಲಸ ಹುಡುಕಿದಾಗಿನ ನನ್ನ ಅನುಭವ

ಕೆಲಸ ಬದಲಿಸಬೇಕು ಅಂದುಕೊಂಡ ಬಹಳ ಜನ ಮೊದಲ ವಾರದಲ್ಲೇ ಲಿಂಕ್ಡ್‌ಇನ್ ಪ್ರೀಮಿಯಂ ತೆಗೆದುಕೊಂಡುಬಿಡುತ್ತಾರೆ. ನಾನು ತೆಗೆದುಕೊಂಡಿದ್ದು ಹುಡುಕಾಟದ ನಡುವೆ. ನಿಲ್ಲಿಸಿದ್ದು ಆಫರ್ ಕೈಗೆ ಬರುವ ಮುಂಚೆಯೇ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಮ್ಯಾನ್ಯುವಲ್ ಟೆಸ್ಟಿಂಗ್ ಬಿಟ್ಟು ಆಟೊಮೇಷನ್ ಕಡೆಗೆ ಬಂದಿದ್ದೆ, ಅದಕ್ಕೆ ತಕ್ಕ ಕೆಲಸ ಬೇಕಿತ್ತು.

ಶುರುವಿನಲ್ಲಿ ಪ್ರೀಮಿಯಂ ಯಾಕೆ ಬೇಡ ಅನ್ನಿಸಿತು ಅಂದರೆ, ಆಗ ನಮ್ಮನ್ನು ಹುಡುಕಬೇಕಾದವರು ರಿಕ್ರೂಟರ್‌ಗಳು. ಅವರು ಹುದ್ದೆ, ಸ್ಕಿಲ್, ಊರು, ಅನುಭವದ ವರ್ಷ ಹಾಕಿ ಹುಡುಕುತ್ತಾರೆ. ನನ್ನ ಹೆಡ್‌ಲೈನ್‌ನಲ್ಲಿ ಬರೀ ‘ಸೀನಿಯರ್ ಇಂಜಿನಿಯರ್’ ಅಂತ ಇತ್ತು. ಹಾಗಿದ್ದರೆ ಟೆಸ್ಟಿಂಗ್‌ನವರು ಬೇಕು ಅಂತ ಹುಡುಕುವವರಿಗೆ ನಾನು ಹೇಗೆ ಸಿಗಬೇಕು? ಅದನ್ನು ‘ಆಟೊಮೇಷನ್ ಟೆಸ್ಟ್ ಇಂಜಿನಿಯರ್, ಸೆಲೆನಿಯಂ, ಜಾವಾ, ಎಪಿಐ ಟೆಸ್ಟಿಂಗ್’ ಅಂತ ಬದಲಿಸಿದೆ. ಕೆಲಸ ಹುಡುಕುತ್ತಿದ್ದೇನೆ ಅಂತ ತಿಳಿಸುವ ‘ಓಪನ್ ಟು ವರ್ಕ್’ ಅನ್ನು ರಿಕ್ರೂಟರ್‌ಗಳಿಗೆ ಮಾತ್ರ ಕಾಣುವ ಹಾಗೆ ಇಟ್ಟೆ. ಹೀಗೆ ಇಟ್ಟರೆ ನಮ್ಮದೇ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದಂತೆ ಲಿಂಕ್ಡ್‌ಇನ್ ನೋಡಿಕೊಳ್ಳುತ್ತದೆ, ಆದರೆ ಪೂರ್ತಿ ಗ್ಯಾರಂಟಿ ಕೊಡುವುದಿಲ್ಲ. ಜಾಬ್ ಅಲರ್ಟ್‌ಗಳನ್ನೂ ಹಾಕಿದೆ. ಇದ್ಯಾವುದಕ್ಕೂ ದುಡ್ಡಿಲ್ಲ.

ನೌಕ್ರಿ ಅನ್ನುವ ಕೆಲಸ ಹುಡುಕುವ ವೆಬ್‌ಸೈಟ್‌ನಲ್ಲೂ ಅಷ್ಟೇ. ಅಲ್ಲಿ ಇತ್ತೀಚೆಗೆ ಲಾಗಿನ್ ಆದವರು, ಕಡಿಮೆ ನೋಟಿಸ್ ಪೀರಿಯಡ್ ಇರುವವರು ಅಂತ ರಿಕ್ರೂಟರ್‌ಗಳು ಸೋಸಿ ನೋಡುತ್ತಾರೆ. ಬೆಳಿಗ್ಗೆ ಒಮ್ಮೆ ಲಾಗಿನ್ ಆಗಿ ಪ್ರೊಫೈಲ್‌ನಲ್ಲಿ ಒಂದು ಸಾಲು ತಿದ್ದಿದರೆ ಸಾಕು, ಫೋನ್ ಬರುವುದು ಜಾಸ್ತಿಯಾಗುತ್ತದೆ. ಪ್ರೊಫೈಲ್ ಸರಿಯಿಲ್ಲದೆ ಪ್ರೀಮಿಯಂ ತೆಗೆದುಕೊಂಡರೆ ಮೊದಲು ಉಚಿತವಾಗಿ ಸಿಗುವ ಟ್ರಯಲ್ ತಿಂಗಳು ಸುಮ್ನೆ ಹೋಗುತ್ತದೆ. ಒಮ್ಮೆ ಟ್ರಯಲ್ ಮುಗಿಸಿದರೆ ಮತ್ತೆ ಒಂದು ವರ್ಷ ಸಿಗುವುದಿಲ್ಲ. ಅದಕ್ಕೇ ನಾನು ಕಾದೆ.

ಯಾವುದಕ್ಕೆ ಕಾದೆ? ನನಗೆ ಸೇರಬೇಕು ಅನ್ನಿಸುವ ಕಂಪನಿಗಳ ಒಂದು ಚಿಕ್ಕ ಪಟ್ಟಿ ಆಗಲಿ ಅಂತ. ಪ್ರೀಮಿಯಂ ಕರಿಯರ್ ಅನ್ನುವ ಪ್ಲಾನ್‌ನಲ್ಲಿ ತಿಂಗಳಿಗೆ ಸಿಗುವುದು 5 ಇನ್‌ಮೇಲ್. ಅಂದರೆ ನಮ್ಮ ಕನೆಕ್ಷನ್ ಅಲ್ಲದವರಿಗೆ ನೇರವಾಗಿ ಬರೆಯುವ 5 ಅವಕಾಶ. 90 ದಿನದೊಳಗೆ ಉತ್ತರ ಬಂದರೆ ಆ ಕ್ರೆಡಿಟ್ ವಾಪಸ್ ಸಿಗುತ್ತದೆ, ‘ಬೇಡ’ ಅಂತ ಉತ್ತರ ಬಂದರೂ ಸರಿ. ಉತ್ತರವೇ ಬರದಿದ್ದರೆ ಹೋಯಿತು. ಹಾಗಾಗಿ ಯಾರಿಗೆ ಬರೆಯಬೇಕು ಅಂತ ಗೊತ್ತಿಲ್ಲದವರಿಗೆ ಇದರಿಂದ ಉಪಯೋಗ ಕಮ್ಮಿ.

ಒಂದು ಹುದ್ದೆಯ ವಿಷಯ ಪೂರ್ತಿ ಹೇಳುತ್ತೇನೆ. ಹೊರವರ್ತುಲ ರಸ್ತೆಯಲ್ಲಿರುವ ಒಂದು ಪೇಮೆಂಟ್ ಕಂಪನಿ ಆಟೊಮೇಷನ್ ಟೆಸ್ಟರ್ ಬೇಕು ಅಂತ ಹಾಕಿತ್ತು. ಆಗಲೇ ನೂರಕ್ಕೂ ಜಾಸ್ತಿ ಅರ್ಜಿ ಅಂತ ತೋರಿಸುತ್ತಿತ್ತು. ಈ ಸಂಖ್ಯೆ ನೋಡಿ ಹೆದರಬೇಕಿಲ್ಲ. ಅರ್ಜಿ ಕಂಪನಿಯ ಸ್ವಂತ ವೆಬ್‌ಸೈಟ್‌ಗೆ ಹೋಗುವ ಕಡೆ, ಅಪ್ಲೈ ಬಟನ್ ಒತ್ತಿದವರೆಲ್ಲ ಲೆಕ್ಕಕ್ಕೆ ಬರುತ್ತಾರೆ. ಅಲ್ಲಿ ಹೋಗಿ ಫಾರ್ಮ್ ತುಂಬಿದವರು ಎಷ್ಟು ಅನ್ನುವುದು ಲಿಂಕ್ಡ್‌ಇನ್‌ಗೆ ಕಾಣುವುದಿಲ್ಲ.

ಮೊದಲು ಕಂಪನಿ ಪುಟದಲ್ಲಿ ‘ಪೀಪಲ್’ ತೆರೆದು, ನನಗೆ ಗೊತ್ತಿರುವವರು ಯಾರಾದರೂ ಇದ್ದಾರಾ ನೋಡಿದೆ. ಇದ್ದಿದ್ದರೆ ಇನ್‌ಮೇಲ್ ಬೇಕಾಗುತ್ತಲೇ ಇರಲಿಲ್ಲ. ಬೆಂಗಳೂರಿನ ಎಷ್ಟೋ ಕಂಪನಿಗಳಲ್ಲಿ ರೆಫರಲ್ ಬೋನಸ್ ಇದೆ, ಕೇಳಿದರೆ ಒಳಗಿನವರೂ ಖುಷಿಯಿಂದಲೇ ಮಾಡುತ್ತಾರೆ. ಇಲ್ಲಿ ಯಾರೂ ಇರಲಿಲ್ಲ. ಅದೇ ಪುಟದಲ್ಲಿ ಟೆಸ್ಟಿಂಗ್ ಮ್ಯಾನೇಜರ್‌ಗಳನ್ನು ಹುಡುಕಿದಾಗ ಇಬ್ಬರು ಸಿಕ್ಕರು. ಒಬ್ಬರ ಆ್ಯಕ್ಟಿವಿಟಿಯಲ್ಲಿ ವರ್ಷಗಳಿಂದ ಏನೂ ಇಲ್ಲ. ಇನ್ನೊಬ್ಬರು ಆ ವಾರವೇ ತಮ್ಮ ಟೀಮ್‌ಗೆ ಜನ ಬೇಕು ಅಂತ ಬರೆದಿದ್ದರು. ಕ್ರೆಡಿಟ್ ಖರ್ಚು ಮಾಡಬೇಕಾದ್ದು ಎರಡನೆಯವರ ಮೇಲೆ, ಅಲ್ವಾ?

ಮೊದಲು ಕಂಪನಿಯ ಫಾರ್ಮ್ ತುಂಬಿ ಅರ್ಜಿ ನಂಬರ್ ಇಟ್ಟುಕೊಂಡೆ, ಆಮೇಲೆ ಬರೆದೆ. ಮೂರೇ ವಿಷಯ: ಯಾವ ಹುದ್ದೆಗೆ ಯಾವ ನಂಬರಿನಲ್ಲಿ ಅರ್ಜಿ ಹಾಕಿದ್ದೇನೆ, ಅವರ ಜಾಹೀರಾತಿನಲ್ಲಿ ಕೇಳಿದ್ದ ಎಪಿಐ ಟೆಸ್ಟಿಂಗ್ ಅನ್ನು ನಾನು ಈಗ ಯಾವ ರೀತಿಯ ಪ್ರಾಜೆಕ್ಟ್‌ನಲ್ಲಿ ಮಾಡುತ್ತಿದ್ದೇನೆ, ಹದಿನೈದು ನಿಮಿಷ ಮಾತಾಡಲು ಆಗುತ್ತದೆಯೇ. ‘ನನ್ನ ಪ್ರೊಫೈಲ್ ನೋಡಿ ಸಾರ್, ಅವಕಾಶ ಇದ್ದರೆ ತಿಳಿಸಿ’ ಅನ್ನುವ ಸಂದೇಶ ಅವರಿಗೆ ದಿನವೂ ಬರುತ್ತಿರುತ್ತದೆ. ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ನನಗೆ ಬಂದ ಉತ್ತರ ಒಂದೇ ಸಾಲು: ರೆಸ್ಯೂಮೆ ಕಳಿಸಿ, ಎಚ್‌ಆರ್‌ಗೆ ಹೇಳುತ್ತೇನೆ. ಕ್ರೆಡಿಟ್ ವಾಪಸ್ ಬಂತು, ಇಂಟರ್‌ವ್ಯೂ ಕೂಡ ಬಂತು.

ಕೆಲವರು ಪ್ರೀಮಿಯಂ ಇಟ್ಟುಕೊಂಡು ‘ಓಪನ್ ಪ್ರೊಫೈಲ್’ ಮಾಡಿರುತ್ತಾರೆ. ಅಂಥವರಿಗೆ ಬರೆಯಲು ಕ್ರೆಡಿಟ್ ಬೇಕಿಲ್ಲ. ಒಂದೇ ಗ್ರೂಪ್‌ನಲ್ಲಿ ಇರುವವರಿಗೂ ಬರೆಯಬಹುದು. ಇನ್‌ಮೇಲ್ ಖರ್ಚು ಮಾಡುವ ಮುಂಚೆ ಇವೆರಡನ್ನೂ ನೋಡಿಕೊಳ್ಳುತ್ತಿದ್ದೆ.

ನನಗೆ ನಿಜಕ್ಕೂ ಉಪಯೋಗಕ್ಕೆ ಬಂದ ಇನ್ನೊಂದು ಸೌಲಭ್ಯ, ಪ್ರೊಫೈಲ್ ಯಾರು ನೋಡಿದರು ಅನ್ನುವುದು. ಉಚಿತ ಖಾತೆಯಲ್ಲಿ ಇತ್ತೀಚಿನ ಕೆಲವರು ಮಾತ್ರ ಕಾಣುತ್ತಾರೆ. ಅರ್ಜಿ ಹಾಕಿದ ಕಂಪನಿಯ ರಿಕ್ರೂಟರ್ ನನ್ನ ಪ್ರೊಫೈಲ್ ತೆರೆದದ್ದು ಕಂಡರೆ, ಅರ್ಜಿ ಒಬ್ಬರ ಕಣ್ಣಿಗೆ ಬಿದ್ದಿದೆ ಅಂತ ಅರ್ಥ. ಅವರಿಗೆ ಮಾತ್ರ ಕನೆಕ್ಷನ್ ಕಳಿಸಿ ಎರಡು ಸಾಲು ಬರೆಯುತ್ತಿದ್ದೆ. ಪ್ರೈವೇಟ್ ಮೋಡ್‌ನಲ್ಲಿ ನೋಡಿದವರ ಹೆಸರು ಮಾತ್ರ ಪ್ರೀಮಿಯಂ ಇದ್ದರೂ ಕಾಣುವುದಿಲ್ಲ. ‘ಟಾಪ್ ಅಪ್ಲಿಕೆಂಟ್’ ಅನ್ನುವ ಗುರುತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ನಮ್ಮ ಪ್ರೊಫೈಲ್ ನೋಡಿ ನಮಗೆ ತೋರಿಸುವ ಅಂದಾಜು. ನೋಡಲು ಚೆನ್ನಾಗಿದೆ, ಅಷ್ಟೇ.

ಇಂಟರ್‌ವ್ಯೂಗಳು ಶುರುವಾದ ಮೇಲೆ ಹೊಸಬರಿಗೆ ಬರೆಯಲು ಪುರುಸೊತ್ತೂ ಇರಲಿಲ್ಲ, ಅಗತ್ಯವೂ ಇರಲಿಲ್ಲ. ರೌಂಡ್‌ಗಳಿಗೆ ಬೇಕಾದ್ದು ಜಾವಾ ಪ್ರೋಗ್ರಾಂ ಬರೆದು ಅಭ್ಯಾಸ, ಹಳೆಯ ಪ್ರಾಜೆಕ್ಟ್ ವಿವರಿಸುವ ಅಭ್ಯಾಸ. ಲಿಂಕ್ಡ್‌ಇನ್ ಲರ್ನಿಂಗ್ ಕೂಡ ಪ್ರೀಮಿಯಂ ಜೊತೆ ಬರುತ್ತದೆ, ಆದರೆ ಆ ಒತ್ತಡದಲ್ಲಿ ಯಾರು ಕೂತು ಕೋರ್ಸ್ ನೋಡುತ್ತಾರೆ! ಸಂಬಳದ ಅಂದಾಜಿಗೆ ಆಂಬಿಷನ್‌ಬಾಕ್ಸ್ ಉಚಿತವಾಗಿಯೇ ಸಿಗುತ್ತದೆ. ಹುದ್ದೆ ಮತ್ತು ಅನುಭವದ ವರ್ಷ ಹಾಕಿ ನೋಡಿ, ಅಂಥದ್ದೇ ಕೆಲಸದಲ್ಲಿರುವ ಪರಿಚಯದವರನ್ನೂ ಕೇಳಿ ಒಂದು ಮೊತ್ತ ಇಟ್ಟುಕೊಂಡೆ.

ಹಾಗಾಗಿ ಆ ಹಂತದಲ್ಲೇ ರದ್ದು ಮಾಡಿದೆ. ದುಡ್ಡು ಕೊಟ್ಟ ತಿಂಗಳು ಮುಗಿಯುವವರೆಗೆ ಸೌಲಭ್ಯ ಇರುತ್ತದೆ, ಆದರೆ ಉಳಿದ ಇನ್‌ಮೇಲ್ ಕ್ರೆಡಿಟ್ ಆಮೇಲೆ ಸಿಗುವುದಿಲ್ಲ. ಅದಕ್ಕೆ ಮೊದಲು ಅವನ್ನು ಬಳಸಿಬಿಡಿ. ಟ್ರಯಲ್ ಆದರೆ ಮುಗಿಯುವ ದಿನಕ್ಕಿಂತ ಕನಿಷ್ಠ ಒಂದು ದಿನ ಮುಂಚೆ ರದ್ದು ಮಾಡಬೇಕು, ಇಲ್ಲದಿದ್ದರೆ ಕಾರ್ಡ್‌ನಿಂದ ದುಡ್ಡು ಹೋಗುತ್ತದೆ. ಐಫೋನ್ ಆ್ಯಪ್‌ನಲ್ಲಿ ಕೊಂಡಿದ್ದರೆ ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ, ಆ್ಯಪಲ್ ಸಬ್‌ಸ್ಕ್ರಿಪ್ಷನ್‌ಗಳಲ್ಲಿ ಹೋಗಿ ನಿಲ್ಲಿಸಬೇಕು. ವರ್ಷದ ಪ್ಲಾನ್ ತಿಂಗಳ ಲೆಕ್ಕದಲ್ಲಿ ಅಗ್ಗ ಕಾಣುತ್ತದೆ, ಆದರೆ ನನಗೆ ಬೇಕಾಗಿದ್ದೇ ಕೆಲವು ವಾರ.

ಆಫರ್ ಬಂದು ರಾಜೀನಾಮೆ ಕೊಟ್ಟ ಮೇಲಂತೂ ಪ್ರೀಮಿಯಂ ಬೇಕೇ ಆಗಲಿಲ್ಲ. ನಮ್ಮಲ್ಲಿ ನೋಟಿಸ್ 90 ದಿನ. ನೌಕ್ರಿಯಲ್ಲಿ ‘ನೋಟಿಸ್ ಪೀರಿಯಡ್‌ನಲ್ಲಿದ್ದೇನೆ’ ಅಂತ ಹಾಕಿ, ಕೊನೆಯ ದಿನಾಂಕ ಕೊಟ್ಟೆ. ಅದುವರೆಗೆ 90 ದಿನ ಅಂದ ಕೂಡಲೇ ಫೋನ್ ಇಡುತ್ತಿದ್ದ ರಿಕ್ರೂಟರ್‌ಗಳೇ ತಾವಾಗಿ ಕರೆ ಮಾಡಲು ಶುರುಮಾಡಿದರು. ಎರಡನೇ ಆಫರ್ ಬಂದಿದ್ದು ಹಾಗೆ, ಒಂದು ರೂಪಾಯಿ ಖರ್ಚಿಲ್ಲದೆ.