ದೂರ ಹೋದಂತೆ ಡಿಎಸ್‌ಎಲ್ ಯಾಕೆ ನಿಧಾನ? ನಿಮ್ಮ ಲೈನಿನ ಲೆಕ್ಕ ನೀವೇ ಹಾಕಿ

ಫೋನಿನ ತಾಮ್ರದ ಲೈನಿನ ಮೇಲೆಯೇ ಬರುವ ಇಂಟರ್ನೆಟ್ಟೇ ಡಿಎಸ್‌ಎಲ್. ಚಿಕ್ಕಮಗಳೂರು ಪೇಟೆಯೊಳಗೆ, ಎಕ್ಸ್‌ಚೇಂಜಿನ ಹತ್ತಿರದ ಮನೆಯಲ್ಲಿ ಅದು ಸೆಕೆಂಡಿಗೆ 20 ಮೆಗಾಬಿಟ್ ಕೊಡಬಹುದು. ಅದೇ ಮೋಡೆಮ್ ತಗೊಂಡು ಹೋಗಿ ಆಲ್ದೂರಿನ ಕಡೆಯ ಎಸ್ಟೇಟ್ ಬಂಗಲೆಯಲ್ಲಿ ಹಾಕಿ. ಅಲ್ಲಿಗೆ ಎಕ್ಸ್‌ಚೇಂಜಿನಿಂದ 5 ಕಿಲೋಮೀಟರ್ ತಂತಿ ಇದ್ದರೆ ಒಂದೆರಡು ಮೆಗಾಬಿಟ್ ಬಂದರೆ ಪುಣ್ಯ. ಮೋಡೆಮ್ ಬದಲಿಸಿದರೂ ಅಷ್ಟೇ, ಪ್ಲಾನ್ ಏರಿಸಿದರೂ ಅಷ್ಟೇ. ಎಲ್ಲ ಕಡೆ ಫೈಬರ್ ಬರುವವರೆಗೆ ಈ ತಾಮ್ರದ ಲೈನನ್ನೇ ನಂಬಿದವರು ತೋಟದ ಕಡೆ ಇನ್ನೂ ಇದ್ದಾರೆ. ಅವರಿಗಾಗಿ ಈ ಲೆಕ್ಕ.

ಮೊದಲು ಮೋಡೆಮ್ ಏನು ಹೇಳುತ್ತದೆ ನೋಡಿ

ಸ್ಪೀಡ್ ಟೆಸ್ಟ್ ಬೇಡ. ಅದು ಲೈನನ್ನು ಮಾತ್ರ ಅಳೆಯುವುದಿಲ್ಲ, ವೈಫೈ, ಸರ್ವರ್, ದಟ್ಟಣೆ ಎಲ್ಲವನ್ನೂ ಸೇರಿಸಿ ಅಳೆಯುತ್ತದೆ. ಮೋಡೆಮಿನ ಪುಟದಲ್ಲಿ ಡಿಎಸ್‌ಎಲ್ ಸ್ಟೇಟಸ್ ಅಂತ ಇರುತ್ತದೆ, ಅದನ್ನು ತೆರೆಯಿರಿ. ಬ್ರಾಡ್‌ಕಾಮ್ ಚಿಪ್ ಇರುವ ಎಷ್ಟೋ ಮೋಡೆಮ್‌ಗಳಿಗೆ ಟೆಲ್‌ನೆಟ್‌ನಲ್ಲಿ ಹೋಗಿ ಕೇಳಲೂಬಹುದು:

```
xdslctl info --stats
```

ಅಲ್ಲಿ ಬರುವ ಸಾಲುಗಳಲ್ಲಿ ನಮಗೆ ಬೇಕಾದವು ಎರಡೇ. ಉದಾಹರಣೆಗೆ ಹೀಗಿದೆ ಎಂದುಕೊಳ್ಳಿ:

```
              Down      Up
SNR (dB):      9.6      12.5
Attn(dB):     43.0      24.5
```

`Attn` ಅಂದರೆ ಎಕ್ಸ್‌ಚೇಂಜ್ ಕಳಿಸಿದ ಸಿಗ್ನಲ್ ನಿಮ್ಮ ಮನೆಗೆ ಬರುವಷ್ಟರಲ್ಲಿ ಎಷ್ಟು ಸೊರಗಿತು ಎಂಬ ಲೆಕ್ಕ. `SNR` ಅಂದರೆ ಈಗಿನ ವೇಗ ಹಿಡಿದುಕೊಂಡ ಮೇಲೂ ಗದ್ದಲದ ವಿರುದ್ಧ ಎಷ್ಟು ಉಳಿಕೆ ಇದೆ ಎಂಬುದು.

ಎಕ್ಸ್‌ಚೇಂಜಿನಿಂದಲೇ ಬರುವ ಡಿಎಸ್‌ಎಲ್ ಬಗೆಯಾದ ಎಡಿಎಸ್‌ಎಲ್ ಲೈನಿಗೆ ಒಂದು ಒರಟು ಲೆಕ್ಕ ಉಂಟು. 0.4 ಮಿಲಿಮೀಟರ್ ತಂತಿಯಾದರೆ ಡೌನ್ ಕಡೆಯ `Attn` ಅನ್ನು 14ರಿಂದ ಭಾಗಿಸಿ. 43 ಅನ್ನು 14ರಿಂದ ಭಾಗಿಸಿದರೆ ಸುಮಾರು 3. ಅಂದರೆ ನಿಮ್ಮ ಲೈನು 3 ಕಿಲೋಮೀಟರ್ ಆಸುಪಾಸು. ತಂತಿ 0.5 ಮಿಲಿಮೀಟರ್ ಇದ್ದರೆ ಇದಕ್ಕಿಂತ ಉದ್ದವೇ ಇರಬಹುದು, ಯಾಕೆಂದರೆ ದಪ್ಪ ತಂತಿಯಲ್ಲಿ ನಷ್ಟ ಕಡಿಮೆ. ಮ್ಯಾಪಿನಲ್ಲಿ ಎಕ್ಸ್‌ಚೇಂಜ್ ಒಂದೂವರೆ ಕಿಲೋಮೀಟರ್ ಮಾತ್ರ ಅಲ್ವಾ ಎಂದು ಗಾಬರಿಯಾಗಬೇಡಿ. ತಂತಿ ಎಕ್ಸ್‌ಚೇಂಜಿನಿಂದ ರಸ್ತೆ ಬದಿಯ ಪೆಟ್ಟಿಗೆಯಾದ ಪಿಲ್ಲರಿಗೆ, ಪಿಲ್ಲರಿನಿಂದ ಮನೆಗಳಿಗೆ ತಂತಿ ಹಂಚುವ ಕಂಬದ ಮೇಲಿನ ಪೆಟ್ಟಿಗೆಯಾದ ಡಿಪಿಗೆ, ಅಲ್ಲಿಂದ ಮನೆಗೆ ರಸ್ತೆ ಹಿಡಿದು ಬರುತ್ತದೆ. ನಮ್ಮ ಗುಡ್ಡದ ರಸ್ತೆಗಳ ತಿರುವು ಗೊತ್ತಲ್ಲ.

ಉದ್ದ ಹೆಚ್ಚಾದರೆ ವೇಗ ಯಾಕೆ ಇಳಿಯುತ್ತದೆ

ಎಡಿಎಸ್‌ಎಲ್‌ನ ಸುಧಾರಿತ ರೂಪ ಎಡಿಎಸ್‌ಎಲ್2+ ಒಂದೇ ಸಿಗ್ನಲ್ ಕಳಿಸುವುದಿಲ್ಲ. 2.2 ಮೆಗಾಹರ್ಟ್ಸ್ ವರೆಗಿನ ಜಾಗವನ್ನು 512 ಸಣ್ಣ ಟೋನ್‌ಗಳಾಗಿ ಹಂಚಿಕೊಂಡು, ಪ್ರತಿ ಟೋನಿನ ಮೇಲೂ ಬೇರೆ ಬೇರೆ ಹೊರೆ ಹಾಕುತ್ತದೆ. ಒಂದು ಟೋನು ಒಂದು ಸಲಕ್ಕೆ ಹೆಚ್ಚೆಂದರೆ 15 ಬಿಟ್ ಹೊರುತ್ತದೆ. ಸೆಕೆಂಡಿಗೆ 4000 ಸಲ ಕಳಿಸುತ್ತದೆ. ಯಾವ ಟೋನಿಗೆ ಎಷ್ಟು ಬಿಟ್ ಎಂಬುದನ್ನು ಲೈನ್ ಜೋಡಣೆಯಾಗುವಾಗಲೇ ಎರಡೂ ಕಡೆಯ ಯಂತ್ರಗಳು ಅಳೆದು ತೀರ್ಮಾನಿಸುತ್ತವೆ. ಒಂದು ಬಿಟ್ ಹೆಚ್ಚಿಗೆ ಹೊರಲು ಸಿಗ್ನಲ್ ಗದ್ದಲಕ್ಕಿಂತ ಸುಮಾರು 3 ಡೆಸಿಬೆಲ್ ಮೇಲೇರಬೇಕು.

ಈಗ 1 ಮೆಗಾಹರ್ಟ್ಸ್ ಹತ್ತಿರದ ಒಂದೇ ಒಂದು ಟೋನ್ ತಗೊಳ್ಳೋಣ. ಹೊರಡುವಾಗ ಸಿಗ್ನಲ್ಲು ಶಾಂತವಾದ ಲೈನಿನ ಗದ್ದಲಕ್ಕಿಂತ ಸುಮಾರು 100 ಡೆಸಿಬೆಲ್ ಮೇಲಿರುತ್ತದೆ. 0.4 ಮಿಲಿಮೀಟರ್ ತಂತಿ ಈ ಟೋನಿನಿಂದ ಕಿಲೋಮೀಟರಿಗೆ ಸುಮಾರು 22 ಡೆಸಿಬೆಲ್ ತಿನ್ನುತ್ತದೆ. ತಪ್ಪಿಲ್ಲದೆ ಓದಲು ಮತ್ತು ಭದ್ರತೆಗೆ ಅಂತ 12 ಡೆಸಿಬೆಲ್ ಎತ್ತಿಡೋಣ.

1 ಕಿಲೋಮೀಟರಿನಲ್ಲಿ 22 ಹೋಗಿ 78 ಉಳಿಯಿತು. 12 ಕಳೆದರೆ 66, ಅದನ್ನು 3ರಿಂದ ಭಾಗಿಸಿದರೆ 22 ಬಿಟ್. ಮಿತಿ 15 ಆದ್ದರಿಂದ ಟೋನು ಪೂರ್ತಿ ತುಂಬಿತು. 3 ಕಿಲೋಮೀಟರಿನಲ್ಲಿ 66 ಹೋಗಿ 34 ಉಳಿಯಿತು. 12 ಕಳೆದರೆ 22, ಅಂದರೆ 7 ಬಿಟ್. 4 ಕಿಲೋಮೀಟರಿಗೆ 88 ಹೋಗಿ 12 ಉಳಿಯಿತು. ಎತ್ತಿಟ್ಟ 12 ಕಳೆದರೆ ಏನೂ ಇಲ್ಲ. ಆ ಟೋನು ಖಾಲಿ.

ಹಾಗಾದರೆ 5 ಕಿಲೋಮೀಟರ್ ದೂರದ ಬಂಗಲೆಗೆ ಒಂದೆರಡು ಮೆಗಾಬಿಟ್ ಎಲ್ಲಿಂದ ಬಂತು? ಕೆಳಗಿನ ಟೋನ್‌ಗಳಿಂದ. ಕಂಪನ ಹೆಚ್ಚಿದಂತೆ ಕರೆಂಟು ತಂತಿಯ ಒಳಗೆಲ್ಲ ಹರಿಯದೆ ಮೇಲ್ಮೈಯ ತೆಳು ಪದರದಲ್ಲೇ ಹರಿಯುತ್ತದೆ. ತಾಮ್ರ ಇದ್ದೂ ಉಪಯೋಗವಿಲ್ಲ. ಹಾಗಾಗಿ ನಷ್ಟ ಹೆಚ್ಚುಕಡಿಮೆ ಕಂಪನದ ವರ್ಗಮೂಲದಂತೆ ಏರುತ್ತದೆ. ಕಂಪನ ನಾಲ್ಕು ಪಟ್ಟಾದರೆ ನಷ್ಟದ ಡೆಸಿಬೆಲ್ ಎರಡು ಪಟ್ಟು. 300 ಕಿಲೋಹರ್ಟ್ಸ್ ಟೋನು ಕಿಲೋಮೀಟರಿಗೆ 14 ಮಾತ್ರ ಕಳೆದುಕೊಳ್ಳುವುದರಿಂದ 5 ಕಿಲೋಮೀಟರಿನಲ್ಲೂ 6 ಬಿಟ್ ಹೊತ್ತು ತರುತ್ತದೆ. ದೂರದ ಲೈನಿನಲ್ಲಿ ಮೇಲಿನ ಟೋನ್‌ಗಳು ಒಂದೊಂದಾಗಿ ಸತ್ತು ಕೆಳಗಿನ ಕೆಲವು ಉಳಿಯುತ್ತವೆ. ಬೇಕಾದರೆ `xdslctl info --Bits` ಕೊಟ್ಟು ನೋಡಿ, ಎಲ್ಲಿಂದಾಚೆ ಸೊನ್ನೆ ಶುರುವಾಗುತ್ತದೆ ಅಂತ ಕಾಣುತ್ತದೆ.

ಪಕ್ಕದ ಲೈನಿನ ಕಾಟ

ಇಲ್ಲಿಯವರೆಗೆ ಲೈನು ಒಂಟಿ ಎಂದುಕೊಂಡೆವು. ನಿಜದಲ್ಲಿ ಪಿಲ್ಲರಿಗೆ ಹೋಗುವ ಕೇಬಲ್ಲಿನಲ್ಲಿ ನೂರಾರು ಜೋಡಿ ತಂತಿ ಒತ್ತಿಕೊಂಡಿರುತ್ತವೆ. ಜೋಡಿಯನ್ನು ಹುರಿ ಮಾಡಿರುವುದು ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರಬಾರದು ಅಂತ. ಆದರೂ ಸೋರುತ್ತದೆ, ಕಂಪನ ಏರಿದಷ್ಟೂ ಜಾಸ್ತಿ. ಇದೇ ಕ್ರಾಸ್‌ಟಾಕ್. ಮೇಲಿನ 3 ಕಿಲೋಮೀಟರ್ ಲೆಕ್ಕದಲ್ಲಿ ನೆರೆಯ ಲೈನುಗಳು ಗದ್ದಲವನ್ನು 15 ಡೆಸಿಬೆಲ್ ಏರಿಸಿದವು ಎಂದುಕೊಳ್ಳಿ. 7 ಬಿಟ್ ಹೊರುತ್ತಿದ್ದ ಟೋನು 2 ಬಿಟ್ಟಿಗೆ ಇಳಿಯುತ್ತದೆ.

ಪಿಲ್ಲರಿನ ಹತ್ತಿರವೇ ಯಂತ್ರ ಇಟ್ಟು ಇನ್ನೂ ವೇಗದ ಡಿಎಸ್‌ಎಲ್ ಬಗೆಯಾದ ವಿಡಿಎಸ್‌ಎಲ್2 ಕೊಡುವ ಕಡೆ ಈ ಕಾಟ ಇನ್ನೂ ಜೋರು. ಅದು ಸಾಮಾನ್ಯವಾಗಿ 17 ಮೆಗಾಹರ್ಟ್ಸ್ ವರೆಗೆ ಹೋಗುತ್ತದೆ. ಅಷ್ಟು ಮೇಲೆ ಸೋರಿಕೆಯೂ ವಿಪರೀತ. ತಂತಿ ಗಿಡ್ಡ, ಸಿಗ್ನಲ್ ಗಟ್ಟಿ, ಆದರೆ ನೆರೆಯವರ ಸಿಗ್ನಲ್ಲೂ ಅಷ್ಟೇ ಗಟ್ಟಿ. ಇದನ್ನು ಅಳಿಸುವ ವಿಧಾನವೇ ವೆಕ್ಟರಿಂಗ್. ವಿಡಿಎಸ್‌ಎಲ್2ಕ್ಕಾಗಿ ಅದರ ಮಾನದಂಡ ಜಿ.993.5 ಬಂದದ್ದು 2010ರಲ್ಲಿ.

ಅಳಿಸುವುದು ಹೇಗೆ

ಎರಡು ಮನೆ, ಎರಡು ಲೈನು ಸಾಕು. ಎ ಮನೆಯ ಲೈನಿನಲ್ಲಿ 100 ಕಳಿಸಿದರೆ ಅದರಲ್ಲಿ 2 ಬಿ ಮನೆಯ ಮೋಡೆಮಿಗೆ ಸೋರುತ್ತದೆ ಎನ್ನೋಣ. ಬಿ ಲೈನಿನಲ್ಲಿ ನೇರ ಕಳಿಸಿದ 100ರಲ್ಲಿ ಬಿ ಮನೆಗೆ ತಲುಪುವುದು 20. ಆ ಬೇಡದ 2 ಅನ್ನು ಬಿ ಮನೆಯಲ್ಲಿ ಕಳೆಯಲಾಗದು, ಎ ಮನೆಗೆ ಏನು ಹೋಗುತ್ತಿದೆ ಎಂದು ಅಲ್ಲಿನ ಮೋಡೆಮಿಗೆ ಗೊತ್ತಿಲ್ಲ. ಆದರೆ ಪಿಲ್ಲರಿನ ಬಳಿಯ ಯಂತ್ರಕ್ಕೆ ಎರಡೂ ಗೊತ್ತು. ಅದು ಬಿ ಲೈನಿನ ಸಿಗ್ನಲ್ಲಿಗೆ ಮೊದಲೇ ಮೈನಸ್ 10 ಸೇರಿಸಿ ಕಳಿಸುತ್ತದೆ. ಅದು ಮನೆಗೆ ಬರುವಷ್ಟರಲ್ಲಿ ಮೈನಸ್ 2 ಆಗಿರುತ್ತದೆ. ಸೋರಿದ 2, ಬಂದ ಮೈನಸ್ 2, ಎರಡೂ ಸೇರಿ ಸೊನ್ನೆ. ಬಿ ಲೈನಿಗೆ ಸೇರಿಸಿದ ಮೈನಸ್ 10 ಕೂಡ ಎ ಕಡೆಗೆ ಚೂರು ಸೋರುತ್ತದಲ್ಲ? ಹೌದು, ಅದನ್ನೂ ಸರಿಪಡಿಸಬೇಕು. ಅದಕ್ಕೇ ಎಲ್ಲ ಲೈನುಗಳ ಲೆಕ್ಕವನ್ನು ಒಟ್ಟಿಗೇ ಬಿಡಿಸುತ್ತಾರೆ. ಮನೆಯಿಂದ ಹೋಗುವ ಸಿಗ್ನಲ್ಲುಗಳಿಗೆ ಈ ಮುಂಚಿನ ತಿದ್ದುಪಡಿ ಬೇಡ. ಅವೆಲ್ಲ ಒಂದೇ ಯಂತ್ರಕ್ಕೆ ಬರುವುದರಿಂದ ಅಲ್ಲೇ ಕಳೆದರಾಯಿತು.

ಆ 2 ಎಂಬುದು ಯಂತ್ರಕ್ಕೆ ಹೇಗೆ ಗೊತ್ತಾಯಿತು? ಪ್ರತಿ 256 ಮಾಹಿತಿ ಸಂಕೇತಗಳಾದ ಮೇಲೆ ಒಂದು ಗುರುತಿನ ಸಂಕೇತ ಬರುತ್ತದೆ, ಅಂದರೆ ಸುಮಾರು 64 ಮಿಲಿಸೆಕೆಂಡಿಗೊಮ್ಮೆ. ಅದರಲ್ಲಿ ಪ್ರತಿ ಲೈನಿಗೂ ತನ್ನದೇ ಪ್ಲಸ್ ಮೈನಸ್ ಸರಣಿ. ಎ ಲೈನಿನದು ಪ್ಲಸ್, ಪ್ಲಸ್, ಮೈನಸ್, ಮೈನಸ್ ಇರಲಿ. ಬಿ ಮನೆಯ ಮೋಡೆಮ್ ತಾನು ಕಂಡ ತಪ್ಪನ್ನು ವರದಿ ಮಾಡುತ್ತದೆ: 2, 2, ಮೈನಸ್ 2, ಮೈನಸ್ 2. ಎ ಸರಣಿಯಿಂದ ಗುಣಿಸಿ ಸರಾಸರಿ ತೆಗೆದರೆ 2 ಸಿಗುತ್ತದೆ. ಇನ್ಯಾವುದೋ ಸಿ ಲೈನಿನ ಪ್ಲಸ್, ಮೈನಸ್, ಮೈನಸ್, ಪ್ಲಸ್ ಸರಣಿಯಿಂದ ಗುಣಿಸಿದರೆ ಸೊನ್ನೆ. ಅಪರಾಧಿ ಯಾರು, ಎಷ್ಟು ಸೋರಿದ ಎರಡೂ ಸಿಕ್ಕಿತು. 128 ಲೈನುಗಳಿಗೆ ಇಂಥ ಸರಣಿ ಕನಿಷ್ಠ 128 ಉದ್ದ ಇರಬೇಕು, ಒಂದು ಸುತ್ತಿಗೆ 8 ಸೆಕೆಂಡು. ವೆಕ್ಟರಿಂಗ್ ಇರುವ ಮೋಡೆಮ್ ಆನ್ ಮಾಡಿದಾಗ ಲೈನ್ ಹಿಡಿಯಲು ಸ್ವಲ್ಪ ತಡ ಮಾಡುವುದಕ್ಕೆ ಇದೂ ಒಂದು ಕಾರಣ.

ನಿಮಗೆ ಲಾಭ ಉಂಟಾ?

ತಂತಿ 400 ಮೀಟರ್ ಆಸುಪಾಸು ಇದ್ದರೆ ಖಂಡಿತ ಉಂಟು. 50ರ ಸುತ್ತ ಓಡುತ್ತಿದ್ದ ಲೈನು 100 ಮೆಗಾಬಿಟ್ ಹತ್ತಿರ ಹೋಗಬಹುದು. 1 ಕಿಲೋಮೀಟರ್ ದಾಟಿದ ಮೇಲೆ ಲಾಭ ಕರಗುತ್ತದೆ. ಯಾಕೆಂದರೆ ನೆರೆಯವರ ಸೋರಿಕೆಯೂ ಅದೇ ಉದ್ದದ ತಂತಿಯಲ್ಲಿ ಸೊರಗಿ ಬರುತ್ತದೆ. ಅದು ಲೈನಿನ ಮಾಮೂಲಿ ಗದ್ದಲದಲ್ಲಿ ಮುಳುಗಿದ ಮೇಲೆ ಅಳಿಸಲು ಏನಿದೆ? 17 ಮೆಗಾಹರ್ಟ್ಸಿನಲ್ಲಿ ಕಿಲೋಮೀಟರಿಗೆ 90 ಡೆಸಿಬೆಲ್ ಹೋಗುವುದರಿಂದ ಅಲ್ಲಿ ಸಿಗ್ನಲ್ಲೇ ಇರುವುದಿಲ್ಲ. ಆಲ್ದೂರಿನ ಬಂಗಲೆಗೆ ವೆಕ್ಟರಿಂಗ್ ಮಾರಲು ಯಾರಾದರೂ ಬಂದರೆ ಕಾಫಿ ಕೊಟ್ಟು ಕಳಿಸಿ. ಅಲ್ಲಿಗೆ ಬೇಕಿರುವುದು ಹತ್ತಿರದವರೆಗೆ ಫೈಬರ್ ಎಳೆದು ತಾಮ್ರವನ್ನು ಗಿಡ್ಡ ಮಾಡುವುದು.

ಇನ್ನೊಂದು ಮಿತಿ: ಅದೇ ಯಂತ್ರದ ಲೆಕ್ಕದೊಳಗಿರುವ ಲೈನುಗಳ ಸೋರಿಕೆ ಮಾತ್ರ ಅಳಿಯುತ್ತದೆ. ಅದೇ ಕೇಬಲ್ಲಿನಲ್ಲಿ ಬೇರೆ ಯಂತ್ರದ ವಿಡಿಎಸ್‌ಎಲ್2 ಲೈನುಗಳಿದ್ದರೆ, ಅಥವಾ ವೆಕ್ಟರಿಂಗ್ ಅರಿಯದ ಹಳೇ ಮೋಡೆಮ್ ಯಾರ ಮನೆಯಲ್ಲೋ ಇದ್ದರೆ, ಆ ಗದ್ದಲ ಉಳಿದೇ ಉಳಿಯುತ್ತದೆ.

ದೂರು ಕೊಡುವ ಮೊದಲು

`Attn` ಮತ್ತು `SNR` ಎರಡನ್ನೂ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಬರೆದಿಟ್ಟುಕೊಳ್ಳಿ. ಎರಡೂ ಹಾಗೇ ಇದ್ದು, ಲೈನಿನ ರೇಟೂ ಇಳಿಯದೆ, ಸಂಜೆ ಮಾತ್ರ ವಿಡಿಯೊ ತಡವರಿಸಿದರೆ ತಾಮ್ರದ ತಪ್ಪಲ್ಲ, ಎಕ್ಸ್‌ಚೇಂಜಿನಿಂದಾಚೆ ದಟ್ಟಣೆ ಇದೆ. ರಾತ್ರಿ `SNR` ಮಾತ್ರ ಇಳಿದರೆ ಗದ್ದಲ ಹೆಚ್ಚಿದೆ. ಅದು ನೆರೆಯ ಲೈನೇ ಆಗಬೇಕೆಂದಿಲ್ಲ. ಮೀಡಿಯಂ ವೇವ್ ರೇಡಿಯೊ ರಾತ್ರಿ ಬಹುದೂರ ಬರುತ್ತದೆ, ಮತ್ತು ಅದು ಎಡಿಎಸ್‌ಎಲ್ ಬಳಸುವ ಜಾಗದಲ್ಲೇ ಕೂರುತ್ತದೆ. ಇದಕ್ಕೆ ವೆಕ್ಟರಿಂಗ್ ಮದ್ದಲ್ಲ.

ಮಳೆ ಹಿಡಿದ ವಾರ `Attn` ಏರಿದರೆ, ಫೋನಿನಲ್ಲಿ ಕರಕರ ಸದ್ದೂ ಬಂದರೆ, ಜಾಯಿಂಟಿನಲ್ಲಿ ನೀರು ಅಥವಾ ಕಿಲುಬು ಇರಬೇಕು. ಉದ್ದ ರಾತ್ರೋರಾತ್ರಿ ಬೆಳೆಯುವುದಿಲ್ಲ. ಮೋಡೆಮನ್ನು ಮನೆಯೊಳಗಿನ ಹಳೇ ವೈರಿಂಗ್ ಬಿಟ್ಟು, ತಂತಿ ಮನೆಗೆ ಬರುವ ಮೊದಲ ಪಾಯಿಂಟಿಗೇ ಹಾಕಿ ಇನ್ನೊಮ್ಮೆ ಓದಿ. ಅಲ್ಲೂ ಅದೇ ಅಂಕಿ ಬಂದರೆ ತೊಂದರೆ ಹೊರಗಿದೆ. ಲೈನ್‌ಮನ್‌ಗೆ "ನೆಟ್ ಸ್ಲೋ" ಅಂತ ಹೇಳುವ ಬದಲು ಮಳೆಗೆ ಮುಂಚೆ 43 ಇದ್ದದ್ದು ಈಗ 51 ಆಗಿದೆ ಎಂದು ಹೇಳಿ. ಅವರು ಮೋಡೆಮ್ ನೋಡದೆ ನೇರ ಡಿಪಿ ಹತ್ತುತ್ತಾರೆ.