ಮೂರು ಬಗೆಯ ಅಲರ್ಜಿ, ಒಂದೇ ಕೇಕ್

ಹುಟ್ಟುಹಬ್ಬಕ್ಕೆ ಕರೆದದ್ದು 12 ಮಕ್ಕಳನ್ನು. ಅವರಲ್ಲಿ ಒಬ್ಬಳಿಗೆ ಮೊಟ್ಟೆ ಅಲರ್ಜಿ, ಒಬ್ಬನಿಗೆ ಹಾಲು, ಮತ್ತೊಬ್ಬನಿಗೆ ಶೇಂಗಾ ಮತ್ತು ಗೋಡಂಬಿ. ಗೋಧಿ ಎಲ್ಲರಿಗೂ ಆಗುತ್ತಿತ್ತು. ಎಲ್ಲರಿಗೂ ದೊಡ್ಡದೊಂದು ಕೇಕ್, ಅಲರ್ಜಿ ಇರುವವರಿಗೆ ಪಕ್ಕದಲ್ಲಿ ಸಣ್ಣದೊಂದು ಎಂಬ ಉಪಾಯವನ್ನು ಮೊದಲೇ ಕೈಬಿಟ್ಟೆ. ಎರಡು ಕೇಕ್ ಇದ್ದರೆ ಚಾಕು ಒಂದರಿಂದ ಇನ್ನೊಂದಕ್ಕೆ ಹೋಗಿಯೇ ಹೋಗುತ್ತದೆ, ಮಕ್ಕಳು ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕುತ್ತಾರೆ. ಮೂರೂ ಇಲ್ಲದ ಒಂದೇ ಕೇಕ್ ಮಾಡಿದರೆ ಮೇಜಿನ ಮೇಲೆ ಕಾವಲು ಕಾಯುವ ಕೆಲಸವೇ ಇರುವುದಿಲ್ಲ.

ಒಂದು ವಾರ ಮುಂಚೆ ಆ ಮೂವರ ಮನೆಯವರಿಗೂ ಫೋನ್ ಮಾಡಿದೆ. 'ಯಾವುದಕ್ಕೆ ಅಲರ್ಜಿ' ಎಂದಷ್ಟೇ ಕೇಳಿದರೆ ಸಾಲದು. 'ಇರಬಹುದು' ಎಂದು ಲೇಬಲ್‌ನಲ್ಲಿ ಬರೆದಿರುವ ಪದಾರ್ಥ ಕೊಡುತ್ತೀರಾ, ಏನಾದರೂ ಆದರೆ ಯಾವ ಔಷಧಿ, ಅದು ಎಲ್ಲಿರುತ್ತದೆ, ಇಷ್ಟನ್ನೂ ಕೇಳಬೇಕು. ಹಾಲಿನ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಉಂಟು: ಅದು ಅಲರ್ಜಿಯೋ, ಹಾಲಿನಲ್ಲಿರುವ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದ ತೊಂದರೆಯೋ? ಅಲರ್ಜಿ ಬರುವುದು ಹಾಲಿನ ಪ್ರೋಟೀನಿನಿಂದ. ಲ್ಯಾಕ್ಟೋಸ್ ತೆಗೆದ ಹಾಲಿನಲ್ಲೂ ಆ ಪ್ರೋಟೀನ್ ಹಾಗೇ ಇರುತ್ತದೆ, ಆದ್ದರಿಂದ ಅಲರ್ಜಿ ಇರುವ ಮಗುವಿಗೆ ಅದೂ ಅಪಾಯವೇ.

ಕೇಕಿಗೆ ಮೈದಾ 190 ಗ್ರಾಂ, ಸಕ್ಕರೆ 200 ಗ್ರಾಂ, ಕೋಕೋ ಪುಡಿ 3 ದೊಡ್ಡ ಚಮಚ, ಅಡುಗೆ ಸೋಡಾ 1 ಟೀ ಚಮಚ, ಉಪ್ಪು ಅರ್ಧ ಟೀ ಚಮಚ ಜರಡಿ ಹಿಡಿದೆ. ಬೇರೆ ಬಟ್ಟಲಿನಲ್ಲಿ ನೀರು 240 ಮಿಲಿ, ಸೂರ್ಯಕಾಂತಿ ಎಣ್ಣೆ 80 ಮಿಲಿ, ವಿನೆಗರ್ 1 ದೊಡ್ಡ ಚಮಚ, ವೆನಿಲಾ 1 ಟೀ ಚಮಚ. ಓವನ್ 180 ಡಿಗ್ರಿಗೆ ಕಾದು, 20 ಸೆಂಟಿಮೀಟರ್ ಚೌಕದ ಟ್ರೇಗೆ ಕಾಗದ ಹಾಸಿ ಆದ ಮೇಲೆಯೇ ಎರಡನ್ನೂ ಬೆರೆಸಬೇಕು. ಮೊಟ್ಟೆಯಿಲ್ಲದ ಈ ಕೇಕ್ ಉಬ್ಬುವುದು ಸೋಡಾ ಮತ್ತು ವಿನೆಗರ್ ಸೇರಿದಾಗ ಏಳುವ ಗಾಳಿಯಿಂದ, ಮತ್ತು ಅದು ಬೆರೆಸಿದ ಕೂಡಲೇ ಶುರುವಾಗುತ್ತದೆ. ಹಿಟ್ಟನ್ನು ಹತ್ತು ನಿಮಿಷ ಹಾಗೇ ಬಿಟ್ಟರೆ ಗುಳ್ಳೆಗಳು ಒಡೆದು ಹೋಗಿ ಕೇಕ್ ಗಟ್ಟಿಯಾಗಿ ಕೂರುತ್ತದೆ. ಒಣ ಹಿಟ್ಟು ಕಾಣದಷ್ಟು ಕಲಸಿದರೆ ಸಾಕು. ಜಾಸ್ತಿ ಕಲಸಿದರೆ ಮೈದಾ ಜಿಗುಟಾಗಿ ಕೇಕ್ ರಬ್ಬರಿನಂತಾಗುತ್ತದೆ. 30 ನಿಮಿಷಕ್ಕೆ ಕಡ್ಡಿ ಚುಚ್ಚಿ ನೋಡಿದೆ, ಹಸಿ ಹಿಟ್ಟು ಅಂಟಿತು, 34ಕ್ಕೆ ಸರಿಯಾಯಿತು. ಮೊಟ್ಟೆಯ ಹಿಡಿತ ಇಲ್ಲದ್ದರಿಂದ ಬಿಸಿಯಲ್ಲಿ ಕತ್ತರಿಸಿದರೆ ಪುಡಿಪುಡಿ. ಪೂರ್ತಿ ಆರಿದ ಮೇಲೆ ಪುಡಿಸಕ್ಕರೆಗೆ ಸ್ವಲ್ಪ ಕೋಕೋ, ಒಂದೊಂದೇ ಚಮಚ ನೀರು ಹಾಕಿ ಕಲಸಿ, ಮೇಲೆ ಸುರಿದು, 12 ತುಂಡು ಮಾಡಿದೆ.

ಪಾಕಕ್ಕಿಂತ ಪಾತ್ರೆಯದೇ ದೊಡ್ಡ ಚಿಂತೆ. ಮರದ ಸೌಟಿನ ಬಿರುಕಿನಲ್ಲಿ, ಜರಡಿಯ ಕಣ್ಣಿನಲ್ಲಿ, ಟ್ರೇಯ ಮೂಲೆಯಲ್ಲಿ ಹಳೆಯ ಬೆಣ್ಣೆ, ಬಾದಾಮಿ ಪುಡಿ ಉಳಿದಿರುತ್ತದೆ. ಮರದ್ದನ್ನು ಬಳಸಲಿಲ್ಲ, ಜರಡಿ ಹೊಸದು ತಂದೆ, ಉಳಿದದ್ದನ್ನು ಸೋಪು ಹಾಕಿ ಬಿಸಿನೀರಿನಲ್ಲಿ ತೊಳೆದೆ. ಆ ದಿನ ಮನೆಯಲ್ಲಿ ಬೇರೆ ಅಡುಗೆ ಶುರುವಾಗುವ ಮೊದಲೇ ಕೇಕ್ ಮುಗಿಸಿದೆ. ಕೇಕಿನ ಮೇಲೆ ಚಾಕೊಲೇಟ್ ಚೂರು ಉದುರಿಸಬೇಕೆಂದಿದ್ದೆ, ಆದರೆ ತಂದ ಡಾರ್ಕ್ ಚಾಕೊಲೇಟಿನ ಹಿಂದೆ 'ಹಾಲು ಇರಬಹುದು' ಎಂದಿತ್ತು. ಹಾಲು ಹಾಕದ ಚಾಕೊಲೇಟನ್ನೂ ಹಾಲಿನ ಚಾಕೊಲೇಟ್ ಹರಿದ ಯಂತ್ರದಲ್ಲೇ ಮಾಡುವುದುಂಟು. ಬಿಟ್ಟುಬಿಟ್ಟೆ. ಲೇಬಲ್ ಓದುವಾಗ ಹಾಲನ್ನು ಕೇಸಿನ್, ಕೇಸಿನೇಟ್, ವ್ಹೇ ಎಂಬ ಹೆಸರುಗಳಲ್ಲೂ, ಮೊಟ್ಟೆಯನ್ನು ಆಲ್ಬುಮಿನ್ ಎಂಬ ಹೆಸರಿನಲ್ಲೂ ಹುಡುಕಬೇಕು. ಹೋದ ಸಲ ಓದಿದ್ದೇನೆ ಎಂದು ಸುಮ್ಮನಾಗಬಾರದು, ಪದಾರ್ಥ ಬದಲಾಗುತ್ತಿರುತ್ತದೆ.

ತಿಂಡಿಗೆ ಹಣ್ಣು, ಉದ್ದಕ್ಕೆ ಸೀಳಿದ ದ್ರಾಕ್ಷಿ, ಹುರಿದ ಆಲೂಗಡ್ಡೆ ಇಷ್ಟೇ. ನಾಲ್ಕು ವರ್ಷದೊಳಗಿನ ಒಬ್ಬಳು ಇದ್ದಳು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆಂದು ಪಾಪ್‌ಕಾರ್ನ್ ಇಡಲಿಲ್ಲ. ಹೊರಗಿನ ತಿನಿಸು ತರಬೇಡಿ ಎಂದು ಎಲ್ಲ ಮನೆಗೂ ಮೊದಲೇ ಹೇಳಿದ್ದೆ. ಬಾಗಿಲಲ್ಲೇ ಎಲ್ಲರೂ ಸೋಪಿನಿಂದ ಕೈ ತೊಳೆದು ಒಳಗೆ ಬಂದರು. ಸ್ಯಾನಿಟೈಸರ್ ಹಚ್ಚಿದರೆ ರೋಗಾಣು ಸಾಯಬಹುದು, ಕೈಗಂಟಿದ ಶೇಂಗಾದ ಜಿಡ್ಡು ಹೋಗುವುದಿಲ್ಲ.

ಗೋಧಿ ಅಲರ್ಜಿಯ ಮಗುವೊಂದು ಬರುವುದಿದ್ದರೆ ಈ ಕೇಕ್ ಮಾಡುತ್ತಿರಲಿಲ್ಲ. ಮೈದಾ ಬದಲು ಅಕ್ಕಿಹಿಟ್ಟು ಹಾಕಿದರೆ ಹಿಡಿದಿಡಲು ಮೊಟ್ಟೆಯೂ ಇಲ್ಲ, ಗೋಧಿಯ ಅಂಟೂ ಇಲ್ಲ, ನಡುವೆ ಕುಸಿಯುತ್ತದೆ. ಆಗ ಕಲ್ಲಂಗಡಿಯನ್ನು ಕೇಕಿನಾಕಾರಕ್ಕೆ ಕತ್ತರಿಸಿ ಮೇಣದಬತ್ತಿ ನೆಡುವುದೇ ಮೇಲು.

ಅಲರ್ಜಿ ಜೋರಾದಾಗ ಚುಚ್ಚುವ ಔಷಧಿಯಾದ ಅಡ್ರಿನಲಿನ್ ಪೆನ್ ಶೇಂಗಾ ಅಲರ್ಜಿಯ ಹುಡುಗನ ತಾಯಿಯ ಬಳಿ ಇತ್ತು, ಅವರು ಕೊನೆಯವರೆಗೂ ಅಲ್ಲೇ ಇದ್ದರು. ತೊಡೆಯ ಹೊರಬದಿಗೆ ಹೇಗೆ ಒತ್ತಿ ಹಿಡಿಯಬೇಕೆಂದು ನನಗೂ ತೋರಿಸಿಕೊಟ್ಟರು. ಬರೀ ಕೆಲವು ದದ್ದು ಎದ್ದರೆ ಕಾದು ನೋಡುವುದು, ಉಸಿರು ಸುಂಯ್‌ಗುಟ್ಟಿದರೆ, ದನಿ ಗೊಗ್ಗರಾದರೆ ಅಥವಾ ಮಗು ಮಂಕಾದರೆ ತಡಮಾಡದೆ ಪೆನ್, ಆಮೇಲೆ ಆಂಬುಲೆನ್ಸ್ ಎಂದು ಅವರ ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿತ್ತು. ಆ ಚೀಟಿಯ ಪಕ್ಕದಲ್ಲೇ ಕೋಕೋ, ಎಣ್ಣೆ, ಸಕ್ಕರೆಯ ಖಾಲಿ ಪೊಟ್ಟಣಗಳನ್ನೂ ಇಟ್ಟಿದ್ದೆ, ಕೊನೆಯ ಮಗು ಮನೆಗೆ ಹೋಗುವ ತನಕ ಎಸೆಯಲಿಲ್ಲ.