ಹಳೇ ಫೋನ್ ಕೈ ಬದಲಾಗುವ ಮುನ್ನ: ರೀಸೆಟ್ ಕೊನೆಯ ಕೆಲಸ

ಡೊಂಬಿವಲಿ, ಮುಲುಂಡ್ ಕಡೆಯ ನಮ್ಮವರ ಮನೆಗಳಲ್ಲಿ ಹಳೇ ಫೋನ್‌ಗೆ ಸಾಮಾನ್ಯವಾಗಿ ಎರಡೇ ದಾರಿ. ಒಂದೋ ಅಂಗಡಿಗೋ ಎಕ್ಸ್‌ಚೇಂಜ್‌ಗೋ ಹೋಗುತ್ತದೆ, ಇಲ್ಲವೇ ಮತ್ಸ್ಯಗಂಧ ಹತ್ತಿ ಊರಿಗೆ ಹೊರಟವರ ಕೈಯಲ್ಲಿ ಅಮ್ಮನಿಗೆ ಹೋಗುತ್ತದೆ. ಅಂಗಡಿಯಲ್ಲಾದರೆ ಏನಾದರೂ ಉಳಿದಿದ್ದರೆ ಅಲ್ಲೇ ಗೊತ್ತಾಗುತ್ತದೆ, ಅಲ್ಲೇ ಸರಿಮಾಡಬಹುದು. ಊರಿಗೆ ಹೋದದ್ದು ಹಾಗಲ್ಲ. ಕುಂದಾಪುರದಲ್ಲಿ ಅಮ್ಮ ಫೋನ್ ಆನ್ ಮಾಡಿದಾಗ ಅದು ಹಿಂದಿನ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳಿತೆಂದರೆ, ಆ ಪಾಸ್‌ವರ್ಡನ್ನು ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿ ಬರೆಸುವುದೇ ಗತಿ. ಹಾಗಾಗಿ ಕುಂದಾಪುರಕ್ಕೆ ಹೊರಟ ಒಂದು ಸ್ಯಾಮ್‌ಸಂಗ್ ಫೋನನ್ನೇ ಉದಾಹರಣೆಯಾಗಿಟ್ಟುಕೊಂಡು ನಾನು ಅನುಸರಿಸುವ ಕ್ರಮ ಹೇಳುತ್ತೇನೆ.

ಮೊದಲು ಆ ಬೀಗದ ವಿಚಾರ. 2015ರಲ್ಲಿ ಬಂದ ಆಂಡ್ರಾಯ್ಡ್ 5.1ರಿಂದ ಫೋನಿನಲ್ಲಿ ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್ ಎಂಬ ಏರ್ಪಾಡಿದೆ. ಕಳ್ಳನೊಬ್ಬ ಪವರ್ ಮತ್ತು ವಾಲ್ಯೂಮ್ ಗುಂಡಿ ಒತ್ತಿ ರಿಕವರಿ ಮೆನುವಿನಿಂದ ಫೋನ್ ಅಳಿಸಿದರೂ ಅದು ಅವನಿಗೆ ಉಪಯೋಗಕ್ಕೆ ಬರಬಾರದು ಎಂಬುದು ಇದರ ಉದ್ದೇಶ. ಫೋನಿನಲ್ಲಿ ಯಾವ ಖಾತೆ ಇತ್ತು ಎಂಬ ಗುರುತು ರೀಸೆಟ್‌ನಲ್ಲಿ ಅಳಿಯದ ಬೇರೆ ಜಾಗದಲ್ಲಿ ಕೂತಿರುತ್ತದೆ. ಗುಂಡಿ ಒತ್ತಿ ರೀಸೆಟ್ ಮಾಡಿದವರು ಮಾಲೀಕರೋ ಕಳ್ಳರೋ ಎಂದು ಫೋನಿಗೆ ತಿಳಿಯುವುದಿಲ್ಲ. ಆದ್ದರಿಂದ ಯಾರೇ ಆದರೂ ಹಳೆಯ ಪಾಸ್‌ವರ್ಡ್ ಅಥವಾ ಹಳೆಯ ಪಿನ್ ಕೊಡಲೇಬೇಕು. ಕಂಪ್ಯೂಟರ್‌ನಿಂದ ಗೂಗಲ್ ಖಾತೆಗೆ ಹೋಗಿ ಆ ಫೋನನ್ನು ಸೈನ್ ಔಟ್ ಮಾಡಿದರೆ ಈ ಬೀಗ ಬಿಡುವುದಿಲ್ಲ, ಗುರುತು ಇರುವುದು ಫೋನಿನೊಳಗೆ. ಐಫೋನ್‌ನದು ಬೇರೆ ರೀತಿ. ಅದರ ಬೀಗದ ಲೆಕ್ಕ ಆಪಲ್‌ನ ಸರ್ವರ್‌ನಲ್ಲಿರುವುದರಿಂದ, ಮರೆತು ಕೊಟ್ಟುಬಿಟ್ಟಿದ್ದರೂ iCloud.com/find ತೆರೆದು ಆ ಫೋನನ್ನು ಅಳಿಸಿ, ಪಟ್ಟಿಯಿಂದ ತೆಗೆದರೆ ಆಯಿತು.

ಹೊಸ ಫೋನ್ ಬಂದ ದಿನವೇ ಹಳೆಯದನ್ನು ಅಳಿಸುವುದು ಆತುರ. ನಾನು ಒಂದು ವಾರ ಎರಡನ್ನೂ ಇಟ್ಟುಕೊಳ್ಳುತ್ತೇನೆ. ಸಿಮ್ ಹೊಸದಕ್ಕೆ ಹಾಕಿ, ಯುಪಿಐ ಆಪ್ ಅದೇ ಸಿಮ್‌ನಿಂದ ಎಸ್‌ಎಂಎಸ್ ಕಳಿಸಿ ನೋಂದಾಯಿಸಿಕೊಂಡ ಮೇಲೆ ಮನೆಯವರಿಗೆ ಒಂದು ರೂಪಾಯಿ ಕಳಿಸಿ ನೋಡುತ್ತೇನೆ. ವಾಟ್ಸಾಪ್ ಚಾಟ್‌ಗಳು ಪೂರ್ತಿ ಬಂದಿವೆಯೇ ಎಂದು ಹಳೆಯ ಗುಂಪೊಂದನ್ನು ತೆರೆದು ಮೇಲಕ್ಕೆ ಸರಿಸಿ ನೋಡುತ್ತೇನೆ. ಹೆಚ್ಚಿನವರು ಸಿಕ್ಕಿಬೀಳುವುದು ಇವೆರಡರಲ್ಲಲ್ಲ, ಮೂವತ್ತು ಸೆಕೆಂಡಿಗೊಮ್ಮೆ ಆರಂಕಿಯ ಕೋಡ್ ಬದಲಿಸುವ ಆಥೆಂಟಿಕೇಟರ್ ಆಪ್‌ನಲ್ಲಿ. ಅದನ್ನು ಗೂಗಲ್ ಖಾತೆಗೆ ಸಿಂಕ್ ಮಾಡಿಲ್ಲದಿದ್ದರೆ ಕೋಡ್‌ಗಳ ಮೂಲ ಹಳೇ ಫೋನಿನಲ್ಲಿ ಮಾತ್ರ ಇರುತ್ತದೆ. ಅಲ್ಲಿ Transfer accounts ಒತ್ತಿ ಬರುವ ಕ್ಯೂಆರ್ ಅನ್ನು ಹೊಸ ಫೋನಿನಿಂದ ಸ್ಕ್ಯಾನ್ ಮಾಡಬೇಕು. ಸ್ಯಾಮ್‌ಸಂಗ್‌ನ Secure Folder ಕೂಡ ಹೀಗೇ. ಅದರೊಳಗಿನ ಫೋಟೋ, ದಾಖಲೆಗಳನ್ನು ಮೊದಲು ಹೊರಗೆ ತಂದು ನಕಲು ಮಾಡಿಕೊಳ್ಳದಿದ್ದರೆ ರೀಸೆಟ್‌ನಲ್ಲಿ ಅವೂ ಹೋಗುತ್ತವೆ.

ಇನ್ನೊಂದು ತಪ್ಪು ಒಳ್ಳೆಯ ಉದ್ದೇಶದಿಂದಲೇ ಆಗುತ್ತದೆ. ಕೊಡುವ ಮುಂಚೆ ಚೊಕ್ಕ ಮಾಡೋಣವೆಂದು ಕೂತು ಫೋಟೋಗಳನ್ನೂ ನಂಬರ್‌ಗಳನ್ನೂ ಒಂದೊಂದಾಗಿ ಡಿಲೀಟ್ ಮಾಡುತ್ತಾರೆ. ಖಾತೆ ಇನ್ನೂ ಫೋನಿನಲ್ಲಿರುವಾಗ ಗೂಗಲ್ ಫೋಟೋಸ್ ಆಪ್‌ನಲ್ಲಿ ಹೀಗೆ ಮಾಡಿದರೆ ಬ್ಯಾಕಪ್‌ನಿಂದಲೂ ಚಿತ್ರ ಹೋಗುತ್ತದೆ, ಹೊಸ ಫೋನಿನಿಂದಲೂ ಮಾಯವಾಗುತ್ತದೆ. ಬ್ಯಾಕಪ್ ಆಗಿದ್ದ ಚಿತ್ರವಾದರೆ 60 ದಿನ ಕಸದ ಬುಟ್ಟಿಯಲ್ಲಿ ಸಿಗುತ್ತದೆ ಅನ್ನುವುದೊಂದೇ ಸಮಾಧಾನ. ಐಕ್ಲೌಡ್‌ನಲ್ಲೂ ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಹೋಗುತ್ತದೆ. ಕೈಯಿಂದ ಏನನ್ನೂ ಅಳಿಸಬೇಡಿ, ಅದು ರೀಸೆಟ್‌ನ ಕೆಲಸ.

ಈಗ ಫೋನ್ ಕೈಗೆತ್ತಿಕೊಳ್ಳೋಣ. ಚಾರ್ಜ್ ಅರ್ಧಕ್ಕಿಂತ ಹೆಚ್ಚಿರಲಿ. ಸಿಮ್ ತಟ್ಟೆ ಹೊರಗೆಳೆದು ಸಿಮ್ ಜೊತೆಗೆ ಮೆಮೊರಿ ಕಾರ್ಡನ್ನೂ ತೆಗೆಯಿರಿ. ರೀಸೆಟ್ ಸಾಮಾನ್ಯವಾಗಿ ಕಾರ್ಡನ್ನು ಮುಟ್ಟುವುದಿಲ್ಲ, ಅದರಲ್ಲಿರುವ ಫೋಟೋ ಯಾವ ಕಾರ್ಡ್ ರೀಡರ್‌ನಲ್ಲೂ ತೆರೆದುಕೊಳ್ಳುತ್ತದೆ. ಅಮ್ಮನಿಗೆ ಕಾರ್ಡ್ ಬೇಕಿದ್ದರೆ ಹೊಸದೊಂದು ಹಾಕಿಕೊಡುವುದೇ ಮೇಲು.

ನಂತರ Settings ತೆರೆದು Accounts and backup, ಅದರೊಳಗೆ Manage accounts. ಗೂಗಲ್ ಖಾತೆ ಒಂದೇ ಇದೆ ಅಂದುಕೊಂಡಿದ್ದವರಿಗೆ ಇಲ್ಲಿ ಎರಡು ಮೂರು ಕಾಣುವುದುಂಟು: ಆಫೀಸಿನದು, ಮಗಳ ಶಾಲೆಯದು. ಒಂದೊಂದನ್ನೂ ಒತ್ತಿ Remove account ಕೊಡಿ. ಸ್ಯಾಮ್‌ಸಂಗ್ ಖಾತೆಯನ್ನೂ ಬಿಡಬೇಡಿ, ಅದರದ್ದು ಪ್ರತ್ಯೇಕ ಬೀಗ, ಅದೂ ಪಾಸ್‌ವರ್ಡ್ ಕೇಳಿಯೇ ಹೊರಡುತ್ತದೆ. ಪಾಸ್‌ವರ್ಡ್ ಮರೆತು ಆಗಷ್ಟೇ ಗೂಗಲ್‌ನದನ್ನು ಬದಲಿಸಿದ್ದರೆ ರೀಸೆಟ್‌ಗೆ 24 ಗಂಟೆ ತಡೆಯಿರಿ. ಇಲ್ಲವಾದರೆ, ಅಕಸ್ಮಾತ್ ಬೀಗ ಬಿದ್ದಾಗ ಹೊಸ ಪಾಸ್‌ವರ್ಡ್ ಸರಿಯಿದ್ದರೂ ಫೋನ್ ಒಪ್ಪದಿರಬಹುದು.

ಇದಾದ ಮೇಲೆ General management, Reset, Factory data reset. ಹೆಚ್ಚಿನ ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ನಿಂದ ಪಿನ್ ಕೊಟ್ಟು ರೀಸೆಟ್ ಮಾಡಿದರೆ ಬೀಗ ತಾನೇ ಕಳಚುತ್ತದೆ. ಆದರೂ ಖಾತೆಯನ್ನು ನಾನು ಮೊದಲೇ ಕೈಯಾರೆ ತೆಗೆಯುತ್ತೇನೆ, ಯಾಕೆಂದರೆ ಹೋಯಿತೆಂಬುದು ಕಣ್ಣಿಗೆ ಕಾಣುತ್ತದೆ. ಈ ಪುಟದ ಕೆಳಗೆ ಇನ್ನೂ ಒಳಗಿರುವ ಖಾತೆಗಳ ಪಟ್ಟಿ ಬರುತ್ತದೆ. ಅಲ್ಲಿ ಗೂಗಲ್‌ನ ಹೆಸರು ಕಂಡರೆ ವಾಪಸ್ ಹೋಗಿ ತೆಗೆಯಿರಿ. ಇ-ಸಿಮ್ ಇದ್ದ ಫೋನಾದರೆ ಅದನ್ನೂ ಅಳಿಸಬೇಕೇ ಎಂಬ ಆಯ್ಕೆ ಬರುತ್ತದೆ. ಸಂಖ್ಯೆ ಹೊಸ ಫೋನಿಗೆ ಹೋಗಿದ್ದರೆ ಮಾತ್ರ ಹೌದೆನ್ನಿ.

ರೀಸೆಟ್ ಆದದ್ದನ್ನು ಸಾಫ್ಟ್‌ವೇರ್ ಹಾಕಿ ಮತ್ತೆ ತೆಗೆಯಬಹುದಲ್ಲ ಎಂಬ ಅನುಮಾನ ಹಲವರಿಗಿದೆ. ಆಂಡ್ರಾಯ್ಡ್ 10ರೊಂದಿಗೆ ಹೊರಬಂದ ಮತ್ತು ಆಮೇಲಿನ ಫೋನ್‌ಗಳಲ್ಲಿ ಒಳಗಿನ ದತ್ತಾಂಶ ಯಾವಾಗಲೂ ಗೂಢಲಿಪಿಯಲ್ಲೇ ಇರುತ್ತದೆ. ರೀಸೆಟ್ ಅದನ್ನು ಬಿಡಿಸುವ ಕೀಲಿಯನ್ನೇ ನಾಶಮಾಡುತ್ತದೆ, ಉಳಿಯುವುದು ಅರ್ಥವಿಲ್ಲದ ಅಂಕಿಗಳು. ಹಾಗಾಗಿ ಸಿನಿಮಾ ತುಂಬಿಸಿ ಮತ್ತೆ ಅಳಿಸುವ ಹಳೇ ಉಪಾಯ ಈಗ ಬೇಡ. ಫೋನ್ ತೀರಾ ಹಳೆಯದಾಗಿದ್ದು ಸೆಟ್ಟಿಂಗ್ಸ್‌ನಲ್ಲಿ Encrypt phone ಎಂದು ಕಂಡರೆ, ಚಾರ್ಜರ್ ಸಿಕ್ಕಿಸಿ ಮೊದಲು ಅದನ್ನು ಮಾಡಿ, ಆಮೇಲೆ ರೀಸೆಟ್. ಒಂದು ಗಂಟೆಗೂ ಮೇಲಾದೀತು, ನಡುವೆ ಆಫ್ ಮಾಡಕೂಡದು.

ಕೊನೆಯ ಪರೀಕ್ಷೆಗೆ ಐದು ನಿಮಿಷ ಸಾಕು. ಫೋನ್ ಮತ್ತೆ ಏಳುತ್ತದೆ, ಭಾಷೆ ಆರಿಸಿ ಮನೆಯ ವೈಫೈಗೆ ಸೇರಿಸಿ ಮುಂದುವರಿಯಿರಿ. ಹಳೇ ಪಿನ್ ಅಥವಾ ಹಿಂದಿನ ಖಾತೆ ಕೇಳುವ ಪುಟ ಬಂದರೆ ಬೀಗ ಉಳಿದಿದೆ. ನಿಮ್ಮ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ಖಾತೆ ತೆಗೆದು, ಮತ್ತೊಮ್ಮೆ ರೀಸೆಟ್ ಮಾಡಿ. ಖಾತೆಯ ಪುಟದಲ್ಲಿ Skip ಇದ್ದರೆ ಎಲ್ಲ ಸರಿಯಿದೆ ಎಂದೇ ಅರ್ಥ. ಅಲ್ಲಿಗೇ ನಿಲ್ಲಿಸಿ ಆಫ್ ಮಾಡಿ. "ಅಮ್ಮನಿಗೆ ಸುಲಭವಾಗಲಿ" ಎಂದು ನಿಮ್ಮದೇ ಖಾತೆ ಹಾಕಿಕೊಡಲು ಹೋಗಬೇಡಿ. ನಾಳೆ ಅವರು ತೆಗೆದ ತೆಂಗಿನಮರದ ಫೋಟೋ ನಿಮ್ಮ ಆಫೀಸ್ ಫೋಟೋಗಳ ನಡುವೆ ಬಂದು ಕೂರುತ್ತದೆ, ನಿಮ್ಮ ಮೇಲ್ ಅವರ ಫೋನಿನಲ್ಲಿ ಟಿಣ್ ಅನ್ನುತ್ತದೆ. ಅವರ ಹೆಸರಲ್ಲೇ ಒಂದು ಖಾತೆ ತೆರೆದು, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಫೋನಿನ ಡಬ್ಬಿಯೊಳಗಲ್ಲ, ಬೇರೆಯಾಗಿ ಕಳಿಸಿ.